ಸೈಕಲ್ ಕ್ಯಾಂಪಿಗೆ ಕ್ಯಾಪ್ಶನ್ ಬರ್ದಿದೀನಿ, ಫ್ರೀ ಯಾವ್ದು ದುಡ್ಡು ಯಾವ್ದು ಅಂತ ಓದಿದವರಿಗೆ ಗೊತ್ತಾಗುತ್ತಾ ನೋಡಿ ಹೇಳಿ

ಅಂಗಡಿ ತಂಗಿ:
ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ನಮ್ಮಣ್ಣನ ಸೈಕಲ್ ಅಂಗಡಿ ಇದೆ. ಮಳೆ ನಿಂತ ಮೇಲೆ ಆಯುಧಪೂಜೆಗೆ ಮುಂಚೆ ಒಂದು ಶನಿವಾರ ಭಾನುವಾರ ಸರ್ವಿಸ್ ಕ್ಯಾಂಪ್ ಇಟ್ಕೊಂಡಿದೀವಿ, ಅಕ್ಟೋಬರ್ 10 ಮತ್ತು 11. ಇನ್‌ಸ್ಟಾಗ್ರಾಮಿಗೆ, ವಾಟ್ಸಾಪ್ ಸ್ಟೇಟಸ್ಸಿಗೆ, ಅಂಗಡಿ ಮುಂದಿನ ಬೋರ್ಡಿಗೆ ಎಲ್ಲಾ ಕಡೆ ಒಂದೇ ಕ್ಯಾಪ್ಶನ್ ಹಾಕೋಣ ಅಂತ. ನಾನು ಬರೆದಿರೋದು ಇದು:

"ಬಂಪರ್ ಆಫರ್! ಮಳೆಗಾಲ ಮುಗೀತು, ನಿಮ್ಮ ಸೈಕಲ್‌ಗೆ ಹೊಸ ಜೀವ ಕೊಡಿ! ಫ್ರೀ ಸೈಕಲ್ ಸರ್ವಿಸ್ ಕ್ಯಾಂಪ್! ಬ್ರೇಕ್, ಗೇರ್, ಚೈನ್, ಟಯರ್, ಎಲ್ಲಾ ಚೆಕಪ್ ಫ್ರೀ ಫ್ರೀ ಫ್ರೀ! ರಿಪೇರಿಗೆ ಚಾರ್ಜ್ ಅನ್ವಯ. ಶನಿವಾರ ಭಾನುವಾರ ಇಡೀ ದಿನ ಓಪನ್. ಎಲ್ಲರೂ ಬನ್ನಿ!"

ಅಣ್ಣ ಓದಿ ಚೆನ್ನಾಗಿದೆ ಅಂದ, ಆದ್ರೆ ಬಂದವರೆಲ್ಲ ಎಲ್ಲಾ ಫ್ರೀ ಅಂದ್ಕೊಂಡು ಬಿಲ್ ನೋಡಿ ಜಗಳ ಮಾಡಿದ್ರೆ ಏನ್ ಮಾಡೋದು ಅಂತ ಅವನಿಗೂ ಭಯ. ಏನ್ ಬದಲಾಯಿಸ್ಬೇಕು?

ಬಾಳೆಲೆ ಹುಡುಗ:
ಅಕ್ಕ ಸೂಪರ್, ನಾನ್ ಬರ್ತೀನಿ

ಕುಶಾಲನಗರದವ:
ಆಕ್ಟಿವಾ ತರಬಹುದಾ? ಹಿಂದಿನ ಬ್ರೇಕ್ ಕಿರ್ ಅಂತಿದೆ

ಅಂಗಡಿ ತಂಗಿ:
ಇಲ್ಲ ಅಣ್ಣ, ತುಳಿಯೋ ಸೈಕಲ್ ಮಾತ್ರ.

ಪೋಸ್ಟರ್ ಮಾಡೋವ್ನು:
ಮೊದ್ಲು ಒಂದು ವಿಷ್ಯ, ಇನ್‌ಸ್ಟಾದಲ್ಲಿ ಫೀಡಲ್ಲಿ ಮೊದಲಿನ ಎರಡು ಸಾಲಷ್ಟೇ ಕಾಣೋದು, ಉಳಿದಿದ್ದಕ್ಕೆ ಜನ ಒತ್ತಿ ನೋಡ್ಬೇಕು, ಒತ್ತೋರು ಕಮ್ಮಿ. ನಿಮ್ಮ ಮೊದಲಿನ ಎರಡು ಸಾಲಲ್ಲಿ ಇರೋದೇನು? ಬಂಪರ್ ಆಫರ್ ಮತ್ತೆ ಹೊಸ ಜೀವ. ಊರು ಇಲ್ಲ, ತಾರೀಖು ಇಲ್ಲ, ಟೈಮ್ ಇಲ್ಲ. ಕೊನೇವರೆಗೂ ಓದಿದ್ರೂ ತಾರೀಖು ಸಿಗಲ್ಲ. "ಅ.10 ಶನಿ, 11 ಭಾನು, ಗೋಣಿಕೊಪ್ಪ, ಸೈಕಲ್ ತಪಾಸಣೆ ಫ್ರೀ" ಅಂತ ಮೊದಲು ಬರ್ಲಿ, ಆಮೇಲೆ ಮಿಕ್ಕಿದ್ದು.

ಹಳೇ ಮೆಕ್ಯಾನಿಕ್:
ತಂಗೀ, ನಿನ್ನ ಕ್ಯಾಪ್ಶನ್ನಲ್ಲಿ ಜಗಳ ಹುಟ್ಟೋ ಜಾಗ "ಫ್ರೀ ಸರ್ವಿಸ್" ಅಂತ ಬರೆದಿರೋ ಕಡೆ. ಮೈಸೂರಲ್ಲಿ ವರ್ಷಗಟ್ಟಲೆ ಅಂಗಡೀಲಿ ಕೂತಿದ್ದೋನು ನಾನು, ಇಂಥ ಕ್ಯಾಂಪ್ ಎಷ್ಟೋ ನೋಡಿದೀನಿ. ಸರ್ವಿಸ್ ಫ್ರೀ ಅಂತ ಓದ್ಕೊಂಡು ಬಂದೋನ್ಗೆ ಬ್ರೇಕ್ ರಬ್ಬರ್ ಹಾಕಿದ್ದಕ್ಕೆ ದುಡ್ಡು ಅಂದ್ರೆ ಅವ್ನು ಕೂಗಾಡ್ದೆ ಇನ್ನೇನ್ ಮಾಡ್ತಾನೆ, ಅವ್ನ ತಪ್ಪಲ್ಲ ಅದು. ನಾವು ಇಟ್ಕೊಂಡಿದ್ದ ಲೆಕ್ಕ ಸರಳ. ನೋಡೋದು ಫ್ರೀ. ಬಿಗಿ ಮಾಡೋದು ಫ್ರೀ. ಬಿಚ್ಚಿದ್ರೆ ದುಡ್ಡು. ನಟ್ಟು ಬಿಗಿಯೋದು, ಗಾಳಿ ತುಂಬೋದು, ಬ್ರೇಕ್ ವೈರ್ ಸಡಿಲ ಆಗಿದ್ರೆ ಎಳೆದು ಕಟ್ಟೋದು, ಚೈನಿಗೆ ಎಣ್ಣೆ ಬಿಡೋದು, ಇಷ್ಟು ಫ್ರೀ. ಒಂದು ಸಾಮಾನು ಸೈಕಲ್ಲಿಂದ ಹೊರಗೆ ಬಂತು ಅಂದ್ರೆ ಕೂಲಿ, ಹೊಸ ಸಾಮಾನು ಹಾಕಿದ್ರೆ ಅದ್ರ ಬೆಲೆ ಬೇರೆ. ಇದನ್ನ ಒಂದೇ ಸಾಲಲ್ಲಿ ಬರೀಬಹುದು, ಓದು ಬರದವನಿಗೂ ಬಾಯಲ್ಲಿ ಹೇಳಬಹುದು.

ಸಂಪಾಜೆ ಘಾಟಿ:
ಗುರುಗಳೇ ಲೆಕ್ಕ ಚೆನ್ನಾಗಿದೆ, ಆದ್ರೆ ವೀಲ್ ಬೆಂಡ್ ತೆಗೆಯೋದು? ಅದಕ್ಕೆ ಏನೂ ಬಿಚ್ಚೋದಿಲ್ಲ, ಕಡ್ಡಿ ತಿರುಗಿಸೋದಷ್ಟೇ. ಹಂಗಾದ್ರೆ ಅದು ಫ್ರೀ ಆಯ್ತಲ್ಲ?

ಹಳೇ ಮೆಕ್ಯಾನಿಕ್:
ಒಳ್ಳೇ ಪ್ರಶ್ನೆ. ಅದೊಂದು ಲೆಕ್ಕಕ್ಕೆ ಸಿಗಲ್ಲ, ಹೆಸರು ಹೇಳಿ ದುಡ್ಡಿನ ಪಟ್ಟಿಗೆ ಹಾಕ್ಬೇಕು. ಒಂದು ವೀಲ್ ಸರಿಯಾಗಿ ನೇರ ಮಾಡೋಕೆ ಅರ್ಧ ಗಂಟೆ ಹೋಗುತ್ತೆ. ಒಂದು ಕಡ್ಡಿ ಬಿಗಿ ಮಾಡಿದ್ರೆ ಪಕ್ಕದ್ದು ಸಡಿಲ ಮಾಡ್ಬೇಕು, ಕಾಲು ಸುತ್ತು ಕಾಲು ಸುತ್ತು ಅಂತ ತಿರುಗಿಸಬೇಕು, ಬೇಗ ಮುಗಿಸೋಕೆ ಹೋಗಿ ಪೂರ್ತಿ ಸುತ್ತು ತಿರುಗಿಸಿದ್ರೆ ಆ ಕಡೆ ಇದ್ದ ಬೆಂಡು ಈ ಕಡೆ ಬರುತ್ತೆ. ಮಳೇಲಿ ಕಡ್ಡಿ ತುದಿಯ ನಿಪ್ಪಲ್ ತುಕ್ಕು ಹಿಡಿದಿದ್ರೆ ತಿರುಗೋದೇ ಇಲ್ಲ, ಕಡ್ಡಿ ಮುರಿಯುತ್ತೆ, ಆಗ ಯಾರು ಹೊಣೆ? ಕ್ಯಾಂಪಲ್ಲಿ ವೀಲ್ ತಿರುಗಿಸಿ ಬ್ರೇಕ್ ರಬ್ಬರಿಗೆ ಎಷ್ಟು ತಾಗುತ್ತೆ ಅಂತ ತೋರಿಸೋದು ಫ್ರೀ. ನೇರ ಮಾಡೋದಕ್ಕೆ ದುಡ್ಡು.

ತೋಟದ ರೈಟರ್:
ನಾನು ತಿತಿಮತಿ ಕಡೆ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್. ಕ್ಯಾಪ್ಶನ್ ಬಗ್ಗೆ ಅಲ್ಲ, ಟೈಮ್ ಬಗ್ಗೆ ಹೇಳ್ತೀನಿ. "ಇಡೀ ದಿನ ಓಪನ್" ಅಂದ್ರೆ ಎಂತದು? ನಮ್ಮ ಲೈನ್ ಮನೆಯ ಕೆಲಸದವರು ಭಾನುವಾರ ಒಂದೇ ದಿನ ಗೋಣಿಕೊಪ್ಪಕ್ಕೆ ಬರೋದು, ಸಂತೆ ದಿನ. ಬೆಳಿಗ್ಗೆ ಬಂದು ಸಾಮಾನು ತಗೊಂಡು ಮಧ್ಯಾಹ್ನದೊಳಗೆ ವಾಪಸ್ ಹೊರಡ್ತಾರೆ. ಅವರಿಗೆ ಬೇಕಾಗಿರೋದು ಬೆಳಿಗ್ಗೆ ಬೇಗ ಸೈಕಲ್ ಬಿಟ್ಟು ಸಂತೆ ಮುಗಿಸಿ ಬರುವಾಗ ತಗೊಂಡ್ ಹೋಗೋದು. ನೀವು ಹತ್ತು ಗಂಟೆಗೆ ಶಟರ್ ಎತ್ತಿದ್ರೆ ಅವರಿಗೆ ಕ್ಯಾಂಪ್ ಇದ್ದೂ ಇಲ್ಲದ ಹಾಗೆ. ಭಾನುವಾರ 8ಕ್ಕೆ ಶುರು ಮಾಡಿ.

ಅಂಗಡಿ ತಂಗಿ:
ರೈಟರ್ ಅಣ್ಣ ಇದು ನನಗೆ ಹೊಳೆದೇ ಇರ್ಲಿಲ್ಲ, ಥ್ಯಾಂಕ್ಸ್. ಆದ್ರೆ ಸಂತೆ ದಿನ ಅಂಗಡಿ ಮುಂದೆ ಸೈಕಲ್ ನಿಲ್ಸೋಕೆ ಜಾಗ ಇರಲ್ಲ, ಅದೇ ಚಿಂತೆ. ಮಾಡೋರು ಅಣ್ಣ ಮತ್ತೆ ಒಬ್ಬ ಹುಡುಗ, ಇಬ್ರೇ.

ವಿರಾಜಪೇಟೆ ರೈಡರ್:
ಇಬ್ರೇ ಇದ್ರೆ ಎಷ್ಟು ಸೈಕಲ್ ಆಗುತ್ತೆ ಅಂತ ಮೊದ್ಲು ಲೆಕ್ಕ ಹಾಕಿ. ಒಂದು ಸೈಕಲ್ ನೋಡೋಕೆ 15 ನಿಮಿಷ ಅಂದ್ರೂ ಗಂಟೆಗೆ ಒಬ್ಬರಿಗೆ 4. ಒಬ್ರು ನೋಡ್ತಾ ಇನ್ನೊಬ್ರು ರಿಪೇರಿ ಮಾಡ್ತಾ ಕೂತ್ರೆ ಇಡೀ ದಿನಕ್ಕೆ ಮೂವತ್ತು ದಾಟಲ್ಲ. ಐವತ್ತು ಜನ ಬಂದ್ರೆ ಇಪ್ಪತ್ತು ಜನ ಬೈಕೊಂಡು ಹೋಗ್ತಾರೆ. ಟೋಕನ್ ಕೊಡಿ, ಕ್ಯಾಪ್ಶನ್ನಲ್ಲೇ "ತಪಾಸಣೆಗೆ ಸೈಕಲ್ ತಗೊಳ್ಳೋದು ಸಂಜೆ 4ರವರೆಗೆ" ಅಂತ ಹಾಕಿ. ಅಂಗಡಿ ಮುಚ್ಚೋ ಟೈಮ್ ಬೇರೆ, ಸೈಕಲ್ ತಗೊಳ್ಳೋ ಟೈಮ್ ಬೇರೆ.

ಬಾಳೆಲೆ ಹುಡುಗ:
ಅಕ್ಕ ನಂದು ಗೇರ್ ಸೈಕಲ್ ಹಿಂದೆ 7 ಗೇರ್, ಏರು ಹತ್ತುವಾಗ ಎದ್ದು ನಿಂತು ತುಳಿದ್ರೆ ಚೈನ್ ಟಕ್ ಅಂತ ಜಾರುತ್ತೆ, ಒಂದ್ಸಲ ಬೀಳೋಕೇ ಹೋಗಿದ್ದೆ. ಚೈನ್ ಚೆಕ್ ಫ್ರೀ ಅಂದ್ರೆ ಇದು ಸರಿ ಮಾಡ್ಕೊಡ್ತೀರಾ ಫ್ರೀಯಾಗಿ?

ಸಂಪಾಜೆ ಘಾಟಿ:
ಅದು ಗೇರ್ ಟ್ಯೂನಿಂಗ್ ಪ್ರಾಬ್ಲಮ್ ತಮ್ಮ, ಹಿಂದೆ ಚೈನ್ ಸರಿಸಿ ಗೇರ್ ಬದಲಾಯಿಸೋ ಡಿರೇಲರ್ ಹತ್ರ ಒಂದು ಸಣ್ಣ ತಿರುಪು ಇರುತ್ತೆ ಕೇಬಲ್ ಬರೋ ಜಾಗದಲ್ಲಿ, ಅದನ್ನ ಅರ್ಧ ಸುತ್ತು ತಿರುಗಿಸು ಸರಿ ಹೋಗುತ್ತೆ. ಕ್ಯಾಂಪಿಗೆ ಹೋಗೋದೇ ಬೇಡ. ಹಂಗೇ ತುಕ್ಕು ಬಿಡಿಸೋ ಸ್ಪ್ರೇ ಹೊಡಿ ಚೈನಿಗೆ.

ಹಳೇ ಮೆಕ್ಯಾನಿಕ್:
ಸ್ವಲ್ಪ ನಿಧಾನ. ಇದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕ್ಯಾಂಪಿಗೆ ಬರೋ ಹತ್ತು ಗೇರ್ ಸೈಕಲ್ಲಲ್ಲಿ ಅರ್ಧಕ್ಕರ್ಧ ಇದೇ ಕಂಪ್ಲೇಂಟ್ ಇರುತ್ತೆ, ಫ್ರೀ ಎಲ್ಲಿ ಮುಗೀತು ದುಡ್ಡು ಎಲ್ಲಿ ಶುರು ಅನ್ನೋದೂ ಇದ್ರಲ್ಲೇ ಗೊತ್ತಾಗುತ್ತೆ.

ಬಾಳೆಲೆ ತಮ್ಮ, ಮೊದಲು ಹೇಳು, ಎಲ್ಲಾ ಗೇರಲ್ಲೂ ಜಾರುತ್ತಾ, ಇಲ್ಲ ನೀನು ದಿನಾ ಹಾಕೋ ಒಂದು ಗೇರಲ್ಲಿ ಮಾತ್ರನಾ? ಜೋರಾಗಿ ತುಳಿದಾಗ ಮಾತ್ರನಾ, ಇಲ್ಲ ಸುಮ್ನೆ ಹೋಗುವಾಗ್ಲೂ ಕಟಕಟ ಅನ್ನುತ್ತಾ?

ಬಾಳೆಲೆ ಹುಡುಗ:
ಜೋರಾಗಿ ತುಳಿದಾಗ ಮಾತ್ರ. ಮಧ್ಯದ ಎರಡು ಗೇರಲ್ಲಿ, ನಾನು ಅದೇ ಹಾಕೋದು ಸ್ಕೂಲಿಗೆ ಹೋಗುವಾಗ. ದೊಡ್ಡ ಚಕ್ರದ ಗೇರಲ್ಲಿ ಜಾರಲ್ಲ. ಸ್ಪ್ರೇ ಹೊಡೆದಿದ್ದೆ ಆಗ್ಲೇ, ಎರಡು ದಿನ ಸದ್ದು ಕಮ್ಮಿ ಆಯ್ತು ಅಷ್ಟೇ

ಹಳೇ ಮೆಕ್ಯಾನಿಕ್:
ಹಾಂ, ಹಂಗಾದ್ರೆ ಟ್ಯೂನಿಂಗ್ ಅಲ್ಲ. ಘಾಟಿಯವರು ಹೇಳಿದ ತಿರುಪಿನ ಕೆಲಸ ಸುಳ್ಳಲ್ಲ, ಆದ್ರೆ ಅದು ಬೇರೆ ರೋಗಕ್ಕೆ. ಕೇಬಲ್ ತುಕ್ಕು ಹಿಡಿದು ಎಳೆತ ತಪ್ಪಿದ್ರೆ ಎಲ್ಲಾ ಗೇರಲ್ಲೂ ಕಟಕಟ ಅನ್ನುತ್ತೆ, ಗೇರ್ ಹಾಕಿದ್ರೆ ತಡವಾಗಿ ಬೀಳುತ್ತೆ, ಮೆಲ್ಲಗೆ ತುಳಿದ್ರೂ ಸದ್ದು ಬರುತ್ತೆ. ನಿನ್ನದು ಜೋರು ಬಿದ್ದಾಗ ಮಾತ್ರ, ಅದೂ ಹೆಚ್ಚು ಓಡಿಸಿದ ಗೇರಲ್ಲಿ ಮಾತ್ರ ಜಾರುತ್ತೆ ಅಂದ್ರೆ ಚೈನು ಸವೆದು ಉದ್ದ ಆಗಿದೆ, ಆ ಚಕ್ರದ ಹಲ್ಲೂ ಸವೆದಿದೆ. ಉದ್ದ ಆದ ಚೈನು ಹಲ್ಲಿನ ಬುಡದಲ್ಲಿ ಕೂರಲ್ಲ, ತುದಿ ಕಡೆ ಹತ್ತಿ ಕೂರುತ್ತೆ, ಭಾರ ಬಿದ್ದಾಗ ಮೇಲೆ ಹಾರುತ್ತೆ.

ಮನೇಲೇ ನೋಡಬಹುದು. ಟೇಲರ್ ಹತ್ರ ಇರೋ ಬಟ್ಟೆ ಟೇಪ್ ಬೇಡ, ಅದು ಎಳೆದ್ರೆ ಎಳೆಯುತ್ತೆ, ಸ್ಟೀಲ್ ಸ್ಕೇಲ್ ತಗೋ. ಚೈನು ಬಿಗಿಯಾಗಿರೋ ಕಡೆ ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಇಡು. ಹೊಸ ಚೈನಲ್ಲಿ ಅಲ್ಲಿಂದ 24ನೇ ಪಿನ್ನಿನ ನಡುಮಧ್ಯ ಸರಿಯಾಗಿ 12 ಇಂಚಿಗೆ ಬರುತ್ತೆ. ಪಿನ್ನು 12 ಇಂಚಿನ ಗೆರೆಯಿಂದ ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ರೆ ಚೈನ್ ಮಾತ್ರ ಬದಲಾಯಿಸಿದ್ರೆ ಸಾಕು. ಮೂರು ಮಿಲಿಮೀಟರ್ ಆಚೆ ಹೋಗಿದ್ರೆ ಹಿಂದಿನ ಹಲ್ಲಿನ ಚಕ್ರಗಳು, ಅಂದ್ರೆ ಫ್ರೀವೀಲೂ ಹೋಗಿರುತ್ತೆ. ಆಗ ಹೊಸ ಚೈನ್ ಒಂದೇ ಹಾಕಿದ್ರೆ ಮೊದ್ಲಿಗಿಂತ ಜಾಸ್ತಿ ಜಾರುತ್ತೆ, ಹುಡುಗ ಬಂದು ನಮ್ಮ ಹತ್ರಾನೇ ಜಗಳ ಮಾಡ್ತಾನೆ.

ಈಗ ಕ್ಯಾಪ್ಶನ್ ಲೆಕ್ಕಕ್ಕೆ ಬರೋಣ. ಆ ಸ್ಕೇಲ್ ಇಟ್ಟು ಅಳೆದು ಚೀಟೀಲಿ ಬರೆದು ಕೊಡೋದು ಫ್ರೀ. ಅಲ್ಲಿಂದ ಮುಂದೆ ಎಲ್ಲಾ ದುಡ್ಡು.

ಬಾಳೆಲೆ ಹುಡುಗ:
ಅಳೆದೆ ಅಂಕಲ್. ಅಪ್ಪನ ಸ್ಕೇಲಲ್ಲಿ. ಮೂರು ಮಿಲಿಮೀಟರ್ ಹತ್ರ ಹತ್ರ ಇದೆ, ಪಿನ್ ಗೆರೆ ದಾಟಿ ಕಾಣುತ್ತೆ ಚೆನ್ನಾಗಿ

ಅಂಗಡಿ ತಂಗಿ:
ಅಣ್ಣನ್ನ ಕೇಳ್ದೆ ಪುಟ್ಟ. 7 ಗೇರಿನ ಚೈನ್ 350, ಫ್ರೀವೀಲ್ 450, ಬಿಚ್ಚಿ ಹಾಕಿ ಗೇರ್ ಸೆಟ್ ಮಾಡೋ ಕೂಲಿ 150. ಒಟ್ಟು 950 ಆಗುತ್ತೆ ನಮ್ಮಲ್ಲಿ. ಫ್ರೀವೀಲ್ ಈಗ ಸ್ಟಾಕ್ ಇಲ್ಲ, ಮೈಸೂರಿಂದ ಬಸ್ಸಲ್ಲಿ ತರಿಸ್ಬೇಕು. ಅದಕ್ಕೇ ಪೂಜೆಗೆ ಒಂದು ವಾರ ಮುಂಚೆ ಕ್ಯಾಂಪ್ ಇಟ್ಟಿರೋದು, ಶನಿವಾರ ನೋಡಿ ಹೇಳಿದ್ರೆ ಆಯುಧಪೂಜೆ ಹೊತ್ತಿಗೆ ಹಾಕಿ ಕೊಡಬಹುದು.

ಬಾಳೆಲೆ ಹುಡುಗ:
950 ಆ 😟 ಅಪ್ಪನ್ನ ಕೇಳ್ತೀನಿ

ತೋಟದ ರೈಟರ್:
ನೋಡಿ ಇದೇ ನಾನು ಹೇಳೋದು, ಹುಡುಗ ಫ್ರೀ ಅಂತ ಬಂದು ಒಂಬೈನೂರ ಐವತ್ತು ಕೇಳಿದ್ರೆ ಮನೇಲಿ ಬೈಸ್ಕೊಳ್ತಾನೆ. ಇಲ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು. ರೇಟ್ ಎಲ್ಲಾ ಕ್ಯಾಪ್ಶನ್ನಲ್ಲೇ ಹಾಕಿ.

ಪೋಸ್ಟರ್ ಮಾಡೋವ್ನು:
ರೇಟ್ ಪಟ್ಟಿ ಪೂರ್ತಿ ಹಾಕಿದ್ರೆ ಯಾರೂ ಓದಲ್ಲ, ಮದುವೆ ಊಟದ ಮೆನು ಥರ ಆಗುತ್ತೆ. ನಾಲ್ಕೈದು ಸಾಮಾನ್ಯ ಕೆಲಸದ ಕೂಲಿ ಮಾತ್ರ ಹಾಕಿ, ಸಾಮಾನಿನ ಬೆಲೆ ಬೇರೆ ಅಂತ ಬರೀರಿ.

ವಿರಾಜಪೇಟೆ ರೈಡರ್:
ರೇಟ್ ಹಾಕೋದಕ್ಕೆ ನನ್ನ ವಿರೋಧ ಇದೆ. ಬ್ರೇಕ್ ವೈರ್ ಕೂಲಿ 50 ಅಂತ ಹಾಕಿ, ಒಳಗೆ ಕೇಬಲ್ ಹಾದು ಹೋಗೋ ಫ್ರೇಮಿನ ಸೈಕಲ್ ಬಂದ್ರೆ? ಅದ್ರಲ್ಲಿ ಒಂದು ವೈರ್ ಹಾಕೋಕೆ ಮುಕ್ಕಾಲು ಗಂಟೆ. "50ರಿಂದ ಶುರು" ಅಂತ ಹಾಕಿದ್ರೆ ಜನ ಮೋಸ ಅಂತಾರೆ. ಮಾಡೋ ಮುಂಚೆ ರೇಟ್ ಹೇಳ್ತೀವಿ, ಒಪ್ಪಿದ್ರೆ ಮಾತ್ರ ಕೈ ಹಾಕ್ತೀವಿ ಅಂತ ಒಂದೇ ಮಾತು ಸಾಕು.

ತೋಟದ ರೈಟರ್:
ಅಲ್ಲಾ ಮಾರಾಯ್ರೆ, ಲೈನ್ ಮನೆಯಿಂದ ಅಷ್ಟು ದೂರ ಸೈಕಲ್ ತಳ್ಕೊಂಡ್ ಬಂದ ಮೇಲೆ ರೇಟ್ ಹೇಳಿದ್ರೆ ಒಪ್ಪದೆ ಎಂತ ಮಾಡ್ತಾರೆ? ಬರೋ ಮುಂಚೆ ಗೊತ್ತಾಗ್ಬೇಕು. ಅವರ ಹತ್ರ ಇರೋದೆಲ್ಲ ಕರಿ ಸೈಕಲ್, ಒಳಗೆ ವೈರ್ ಹೋಗೋದು ಯಾವುದೂ ಇಲ್ಲ.

ಟೀಚರ್ ಪೊನ್ನಂಪೇಟೆ:
ನಾನು ಹೈಸ್ಕೂಲ್ ಟೀಚರ್. ನಮ್ಮ ಮಕ್ಕಳ ಹತ್ರ ಸರ್ಕಾರ ಎಂಟನೇ ಕ್ಲಾಸಿಗೆ ಕೊಡ್ತಿತ್ತಲ್ಲ ಆ ಸೈಕಲ್ ಇನ್ನೂ ಓಡ್ತಿವೆ, ಅಕ್ಕನಿಂದ ತಂಗಿಗೆ, ತಂಗಿಯಿಂದ ಪಕ್ಕದ ಮನೆಗೆ. ಮಳೆಗಾಲದಲ್ಲಿ ಇಳಿಜಾರಲ್ಲಿ ಬ್ರೇಕ್ ಹಿಡಿಯಲ್ಲ ಅಂತ ಮಕ್ಕಳು ಚಪ್ಪಲಿ ನೆಲಕ್ಕೆ ಒತ್ತಿ ನಿಲ್ಸೋದು ನನ್ನ ಕಣ್ಣಾರೆ ನೋಡಿದೀನಿ, ಎದೆ ಧಸಕ್ ಅನ್ನುತ್ತೆ. ಬ್ರೇಕ್ ಚೆಕ್ ಅಂದ್ರೆ ಏನೇನು ನೋಡ್ತೀರಿ? ಸುಮ್ನೆ ಲಿವರ್ ಒತ್ತಿ ನೋಡಿ ಓಕೆ ಅಂತ ಕಳಿಸೋದಾದ್ರೆ ನಾನು ಮಕ್ಕಳಿಗೆ ಹೇಳಲ್ಲ.

ಸಂಪಾಜೆ ಘಾಟಿ:
ಟೀಚರೇ ಬ್ರೇಕ್ ಬಿಗಿ ಮಾಡಿದ್ರೆ ಆಯ್ತು, ಲಿವರ್ ಹತ್ರ ತಿರುಪು ಇದೆ ಅದನ್ನ ಬಿಚ್ಚಿಕೊಂಡು ಬಂದ್ರೆ ವೈರ್ ಬಿಗಿ ಆಗುತ್ತೆ. ಮಕ್ಕಳೇ ಮಾಡ್ಕೋಬಹುದು.

ಹಳೇ ಮೆಕ್ಯಾನಿಕ್:
ಘಾಟಿಯವರೇ, ರಬ್ಬರ್ ಇದ್ದಾಗ ಮಾತ್ರ ಅದು ಸರಿ. ರಬ್ಬರ್ ಮೇಲೆ ಅಡ್ಡ ಗೀರು ಇರುತ್ತೆ ನೋಡಿ, ಆ ಗೀರು ಮಾಸಿ ಹೋಗೋ ಅಷ್ಟು ಸವೆದ ಮೇಲೂ ಬಿಗಿ ಮಾಡ್ತಾ ಹೋದ್ರೆ ಒಳಗಿನ ಕಬ್ಬಿಣ ರಿಮ್ಮಿಗೆ ತಾಗುತ್ತೆ. ಇನ್ನೂ ಕೆಟ್ಟದ್ದು ಏನಂದ್ರೆ ಸವೆದ ರಬ್ಬರ್ ಕೂರೋ ಜಾಗ ಬದಲಾಗುತ್ತೆ, ಕೆಲವು ಸಲ ಮೇಲೆ ಹೋಗಿ ಟಯರ್ ಪಕ್ಕ ಉಜ್ಜಿ ಹರಿಯುತ್ತೆ, ಕೆಲವು ಸಲ ರಿಮ್ ಕೆಳಗೆ ಜಾರಿ ಕಡ್ಡಿಗೆ ಸಿಗುತ್ತೆ. ಕಡ್ಡಿಗೆ ಸಿಕ್ರೆ ಮುಂದಿನ ವೀಲ್ ಅಲ್ಲೇ ನಿಲ್ಲುತ್ತೆ, ಹುಡುಗಿ ಹ್ಯಾಂಡಲ್ ಮೇಲಿಂದ ಹೋಗಿ ಬೀಳ್ತಾಳೆ. ಅದಕ್ಕೇ ಮೊದಲು ನೋಡೋದು ರಬ್ಬರ್, ಆಮೇಲೆ ಬಿಗಿ.

ಟೀಚರಮ್ಮ, ಸರಿಯಾಗಿ ಮಾಡೋ ಬ್ರೇಕ್ ಚೆಕ್ ಅಂದ್ರೆ ಹೀಗೆ. ರಬ್ಬರಲ್ಲಿ ಗೀರು ಉಳಿದಿದೆಯಾ, ರಿಮ್ಮಿನ ನಡುವೆ ಕೂರ್ತಿದೆಯಾ ಅಂತ ಬಗ್ಗಿ ನೋಡ್ಬೇಕು. ಲಿವರ್ ಪೂರ್ತಿ ಒತ್ತಿದಾಗ ಹ್ಯಾಂಡಲ್ಲಿಗೆ ತಾಗಬಾರ್ದು, ಮಧ್ಯೆ ಎರಡು ಬೆರಳು ಜಾಗ ಇರ್ಬೇಕು. ಮತ್ತೆ ಲಿವರ್ ಒಳಗೆ ವೈರಿನ ಗುಂಡು ಕೂರೋ ಜಾಗ ಇದೆಯಲ್ಲ, ಅಲ್ಲಿ ಟಾರ್ಚ್ ಬಿಟ್ಟು ನೋಡ್ಬೇಕು. ವೈರ್ ಕಿತ್ತು ಹೋಗೋದು ಅಲ್ಲೇ, ಒಂದೊಂದೇ ಎಳೆ. ಹೊರಗಿಂದ ವೈರ್ ಹೊಸದರ ಥರ ಕಾಣುತ್ತೆ, ಒಳಗೆ ನಾಲ್ಕು ಎಳೆ ಹೋಗಿರುತ್ತೆ, ಜೋರಾಗಿ ಒತ್ತಿದ ದಿನ ಕೈಗೇ ಬರುತ್ತೆ. ಒಂದು ಎಳೆ ಕಿತ್ತಿದ್ರೂ ನಾನು ಆ ಸೈಕಲ್ ಓಕೆ ಅಂತ ಬಿಡಲ್ಲ.

ಟೀಚರ್ ಪೊನ್ನಂಪೇಟೆ:
ಇಷ್ಟು ಮಾಡ್ತಾರೆ ಅಂದ್ರೆ ಖಂಡಿತ ಕಳಿಸ್ತೀನಿ. ಮಳೇಲಿ ಹಿಡಿಯದೇ ಇರೋದಕ್ಕೆ ಹೊಸ ರಬ್ಬರ್ ಹಾಕಿದ್ರೆ ಸರಿ ಹೋಗುತ್ತಾ?

ಹಳೇ ಮೆಕ್ಯಾನಿಕ್:
ಪೂರ್ತಿ ಹೋಗಲ್ಲ, ಅದನ್ನ ಮೊದ್ಲೇ ಹೇಳಿಬಿಡ್ಬೇಕು. ಆ ಸೈಕಲ್ಲಿಗೆ ಇರೋದು ಹೊಳೆಯೋ ಸ್ಟೀಲ್ ರಿಮ್. ಒಣಗಿದ್ದಾಗ ಹಿಡಿಯುತ್ತೆ, ಒದ್ದೆ ಆದ್ರೆ ರಬ್ಬರ್ ನೀರಿನ ಮೇಲೆ ಜಾರುತ್ತೆ, ಅರ್ಧದಷ್ಟೂ ಹಿಡಿಯಲ್ಲ. ಹೊಸ ರಬ್ಬರ್ ಹಾಕಿದ್ರೆ ಸ್ವಲ್ಪ ಸುಧಾರಿಸುತ್ತೆ ಅಷ್ಟೇ. ಅಲಾಯ್ ರಿಮ್ ಆದ್ರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ, ಆದ್ರೆ ಎರಡೂ ವೀಲ್ ಬದಲಾಯಿಸೋ ಖರ್ಚಿಗೆ ಆ ಮನೆಯವರು ಒಪ್ಪಲ್ಲ. ಮಕ್ಕಳಿಗೆ ಹೇಳಿ, ಮಳೇಲಿ ಇಳಿಜಾರು ಶುರು ಆಗೋ ಮುಂಚೇನೇ ಎರಡೂ ಬ್ರೇಕ್ ಮೆಲ್ಲಗೆ ಒತ್ತಿ ಹಿಡೀಬೇಕು, ರಿಮ್ ನಾಲ್ಕೈದು ಸುತ್ತು ಉಜ್ಜಿ ನೀರು ಹೋದ ಮೇಲೆ ಹಿಡಿತ ಬರುತ್ತೆ. ತುಂಬಾ ಕಡಿದಾದ ಕಡೆ ಇಳಿದು ತಳ್ಕೊಂಡು ಹೋಗಲಿ.

ಸಂಪಾಜೆ ಘಾಟಿ:
ಒತ್ತಿ ಹಿಡಿದ್ರೆ ರಿಮ್ ಕಾದು ಟ್ಯೂಬ್ ಒಡೆಯುತ್ತೆ ಅಂತಾರಲ್ಲ? ನಾವು ಮಡಿಕೇರಿಯಿಂದ ಸಂಪಾಜೆ ಇಳಿಯುವಾಗ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡ್ತೀವಿ.

ಹಳೇ ಮೆಕ್ಯಾನಿಕ್:
ಘಾಟಿಯಲ್ಲಿ ಕಿಲೋಮೀಟರ್‌ಗಟ್ಟಲೆ ಇಳಿಯೋರಿಗೆ ನೀವು ಹೇಳಿದ್ದೇ ಸರಿ. ಮಕ್ಕಳ ಸ್ಕೂಲ್ ದಾರೀಲಿ ಇನ್ನೂರು ಮೀಟರ್ ಇಳಿಜಾರಿಗೆ, ಅದೂ ಮಳೇಲಿ, ರಿಮ್ ಕಾಯೋದಿಲ್ಲ.

ಮಡಿಕೇರಿ ಗಾಳಿಬೀಡು:
ನಾನು ಒಂದು ಕಡೆ ಇಂಥದ್ದೇ ಕ್ಯಾಂಪಿಗೆ ಹೋಗಿದ್ದೆ, ಊರು ಅಂಗಡಿ ಹೇಳಲ್ಲ. ಫ್ರೀ ವಾಶ್ ಅಂತ ಬೋರ್ಡ್ ಹಾಕಿ ಕಾರ್ ತೊಳೆಯೋ ಪ್ರೆಶರ್ ಪೈಪಲ್ಲಿ ಹೊಡೆದ್ರು, ಪಳಪಳ ಅಂತಿತ್ತು, ಖುಷಿಯಾಗಿ ಬಂದೆ. ಸ್ವಲ್ಪ ದಿನದಲ್ಲೇ ಪೆಡಲ್ ಬುಡದಲ್ಲಿ ಗರಗರ ಶುರು. ಬಿಚ್ಚಿದ್ರೆ ಒಳಗೆ ಗ್ರೀಸೇ ಇಲ್ಲ, ಬಾಲ್ಸ್ ಎಲ್ಲಾ ಕೆಂಪು ತುಕ್ಕು. ನೀವು ದಯವಿಟ್ಟು ಫ್ರೀ ವಾಶ್ ಅಂತ ಮಾತ್ರ ಹಾಕ್ಬೇಡಿ. ಆಯುಧಪೂಜೆ ಅಂತ ಎಲ್ಲಾ ಕೇಳ್ತಾರೆ.

ಅಂಗಡಿ ತಂಗಿ:
ಅಯ್ಯೋ, ನಮ್ಮಣ್ಣ ಫ್ರೀ ವಾಶ್ ಸೇರಿಸೋಣ ಅಂತಿದ್ದ, ನಾನೀಗ್ಲೇ ಹೋಗಿ ಬೇಡ ಅಂತೀನಿ. ಬಟ್ಟೇಲಿ ಒರೆಸಿ ಕೊಡ್ತೀವಿ.

ಕುಶಾಲನಗರದವ:
ಡಿಸ್ಕ್ ಬ್ರೇಕ್ ಸೈಕಲ್ ನೋಡ್ತೀರಾ? ಮಗಂದು ಇದೆ, ಎಣ್ಣೆ ಹಾಕಿದ ಮೇಲೆ ಕಿರುಚುತ್ತೆ ಹಿಡಿಯೋದೂ ಇಲ್ಲ

ವಿರಾಜಪೇಟೆ ರೈಡರ್:
ಎಣ್ಣೆ ಎಲ್ಲಿಗೆ ಹಾಕಿದ್ರಿ?

ಕುಶಾಲನಗರದವ:
ಸದ್ದು ಬರೋ ಕಡೆಗೇ, ಆ ತಟ್ಟೆಗೆ

ವಿರಾಜಪೇಟೆ ರೈಡರ್:
ಸರ್ ಡಿಸ್ಕಿಗೆ ಎಣ್ಣೆ ತಾಗಬಾರ್ದು, ಒಂದು ಹನಿ ಕೂಡ. ಪ್ಯಾಡ್ ಎಣ್ಣೆ ಕುಡಿದುಬಿಟ್ಟಿರುತ್ತೆ, ತಟ್ಟೆಯನ್ನ ಸ್ಪಿರಿಟ್ ಹಾಕಿ ಒರೆಸಬಹುದು, ಪ್ಯಾಡ್ ಮಾತ್ರ ಹೊಸದೇ ಹಾಕ್ಬೇಕು. ಅಲ್ಲೀವರೆಗೆ ಮಗನಿಗೆ ಕೊಡ್ಬೇಡಿ ಸೈಕಲ್ಲು. ತಂಗೀ, ಡಿಸ್ಕ್ ಸೈಕಲ್ ಪ್ಯಾಡ್ ನೋಡೋದು ಫ್ರೀ, ಆಯಿಲ್ ಬ್ರೇಕ್ ಗಾಳಿ ತೆಗೆಯೋದು ಕ್ಯಾಂಪಲ್ಲಿ ಇಲ್ಲ ಅಂತ ಸ್ಪಷ್ಟವಾಗಿ ಬರೆದುಬಿಡಿ, ಅದು ಗಡಿಬಿಡೀಲಿ ಮಾಡೋ ಕೆಲಸ ಅಲ್ಲ. ಒಂದೊಂದು ಕಂಪನಿ ಬ್ರೇಕಿಗೆ ಒಂದೊಂದು ಥರ ಆಯಿಲ್, ತಪ್ಪಿ ಬೇರೇದು ಹಾಕಿದ್ರೆ ಒಳಗಿನ ಸೀಲ್ ಹಾಳಾಗುತ್ತೆ.

ಅಂಗಡಿ ತಂಗಿ:
ಎಲ್ಲಾ ಕೂಡಿಸಿ ಮತ್ತೆ ಬರ್ದಿದೀನಿ. ಅಣ್ಣನೂ ಪಕ್ಕದಲ್ಲೇ ಕೂತಿದ್ದ. ನೋಡಿ:

"ಅ.10 ಶನಿ, 11 ಭಾನು, ಗೋಣಿಕೊಪ್ಪ. ಸೈಕಲ್ ತಪಾಸಣೆ ಫ್ರೀ, ರಿಪೇರಿಗೆ ದುಡ್ಡು.
ಶನಿ ಬೆಳಿಗ್ಗೆ 9ರಿಂದ ಸಂಜೆ 6. ಭಾನು ಬೆಳಿಗ್ಗೆ 8ರಿಂದ ಮಧ್ಯಾಹ್ನ 2. ತಪಾಸಣೆಗೆ ಸೈಕಲ್ ತಗೊಳ್ಳೋದು ಶನಿ 4ರವರೆಗೆ, ಭಾನು 12ರವರೆಗೆ, ಟೋಕನ್ ಪ್ರಕಾರ.
ಫ್ರೀ: ಬ್ರೇಕ್ ರಬ್ಬರ್, ವೈರ್, ಡಿಸ್ಕ್ ಪ್ಯಾಡ್ ನೋಡೋದು. ಚೈನ್ ಸವೆತ ಅಳೆಯೋದು. ವೀಲ್ ಬೆಂಡ್ ನೋಡೋದು. ನಟ್ಟು ಬೋಲ್ಟು ಬಿಗಿ, ಗಾಳಿ, ಚೈನಿಗೆ ಎಣ್ಣೆ. ನೋಡಿದ್ದನ್ನ ಚೀಟೀಲಿ ಬರೆದು ಕೊಡ್ತೀವಿ, ರಿಪೇರಿ ಎಲ್ಲಿ ಬೇಕಾದ್ರೂ ಮಾಡಿಸ್ಕೊಳ್ಳಿ.
ದುಡ್ಡು (ಕೂಲಿ ಮಾತ್ರ, ಸಾಮಾನು ಬೇರೆ): ಬ್ರೇಕ್ ರಬ್ಬರ್ ಜೋಡಿ 30, ಬ್ರೇಕ್ ವೈರ್ 50, ವೀಲ್ ಬೆಂಡ್ ಒಂದಕ್ಕೆ 100, ಚೈನ್ ಫ್ರೀವೀಲ್ ಗೇರ್ ಸೆಟ್ಟಿಂಗ್ 150. ವೈರ್ ಫ್ರೇಮಿನ ಒಳಗೆ ಹೋಗೋ ಸೈಕಲ್ಲಿಗೆ ನೋಡಿ ಹೇಳ್ತೀವಿ.
ರೇಟ್ ಹೇಳಿ ನೀವು ಒಪ್ಪಿದ ಮೇಲೇ ಕೆಲಸ. ಪ್ರೆಶರ್ ವಾಶ್ ಇಲ್ಲ. ಆಯಿಲ್ ಬ್ರೇಕ್ ಕೆಲಸ ಕ್ಯಾಂಪಲ್ಲಿ ಇಲ್ಲ."

ಪೋಸ್ಟರ್ ಮಾಡೋವ್ನು:
ಈಗ ಬಂತು ನೋಡಿ ದಾರಿಗೆ. ಮೊದಲ ಸಾಲು ಹಾಗೇ ಇರ್ಲಿ, ಮುಟ್ಬೇಡಿ. ಬೋರ್ಡಿಗೆ ಮಾತ್ರ ಇಷ್ಟು ಉದ್ದ ಬೇಡ, ಮೊದಲ ಸಾಲು, ಟೈಮು, ಆಮೇಲೆ ಹಳೇ ಮೆಕ್ಯಾನಿಕ್ ಅವರ ಮೂರು ಮಾತು ದೊಡ್ಡದಾಗಿ: ನೋಡೋದು ಫ್ರೀ, ಬಿಗಿ ಮಾಡೋದು ಫ್ರೀ, ಬಿಚ್ಚಿದ್ರೆ ದುಡ್ಡು.

ಸಂಪಾಜೆ ಘಾಟಿ:
ಚೀಟಿ ಕೊಟ್ಟು ಎಲ್ಲಿ ಬೇಕಾದ್ರೂ ಮಾಡಿಸ್ಕೊಳ್ಳಿ ಅಂದ್ರೆ ಅಂಗಡಿಗೆ ಲಾಸ್ ಅಲ್ವಾ? ನೀವು ನೋಡಿ ಕಷ್ಟಪಟ್ಟು ಹೇಳ್ತೀರ, ಇನ್ನೊಬ್ರು ದುಡ್ಡು ತಗೋತಾರೆ.

ಹಳೇ ಮೆಕ್ಯಾನಿಕ್:
ಹೋಗೋರು ಹೋಗ್ತಾರೆ, ಬರೋರು ಚೀಟಿ ಹಿಡ್ಕೊಂಡೇ ವಾಪಸ್ ಬರ್ತಾರೆ. ನಮ್ಮ ಕೈಬರಹದ ಚೀಟಿ ಆ ಮನೆ ಕ್ಯಾಲೆಂಡರ್ ಹಿಂದೆ ಇರುತ್ತೆ.

ತೋಟದ ರೈಟರ್:
ಭಾನುವಾರ 12ರವರೆಗೆ ತಗೊಳ್ಳೋದು ಸರಿ, 2ಕ್ಕೆ ಮುಚ್ಚೋದು ಬೇಗ ಆಯ್ತು. ಬಿಟ್ಟು ಹೋದವರು ಸಂತೆಯಿಂದ ಬರೋದು ತಡ ಆದ್ರೆ ಸೈಕಲ್ ಒಳಗೆ, ಶಟರ್ ಕೆಳಗೆ. ಮತ್ತೆ ಮುಂದಿನ ಭಾನುವಾರಾನೇ.

ಅಂಗಡಿ ತಂಗಿ:
ಭಾನುವಾರ ಮಧ್ಯಾಹ್ನ ಅತ್ತಿಗೆ ಮನೇಲಿ ಪೂಜೆ ಇದೆ ಅಣ್ಣ, ಹುಡುಗನ್ನ 4ರವರೆಗೆ ಕೂರಿಸೋಕಾಗುತ್ತಾ ಅಂತ ಕೇಳಿ ಹೇಳ್ತೀನಿ, ಮಾತು ಕೊಡಲ್ಲ ಈಗ್ಲೇ.

ಟೀಚರ್ ಪೊನ್ನಂಪೇಟೆ:
ನಮ್ಮ ಸ್ಕೂಲ್ ಮಕ್ಕಳು ಹದಿನೈದು ಸೈಕಲ್ ಆದ್ರೂ ಬರುತ್ತೆ. ಎಲ್ಲಾ ಒಟ್ಟಿಗೆ ಶನಿವಾರ ಮಧ್ಯಾಹ್ನ ಬಂದ್ರೆ ನಿಮಗೆ ಕಷ್ಟ, ನಮಗೆ ಶನಿವಾರ ಬೆಳಿಗ್ಗೆ ಕ್ಲಾಸ್ ಇರುತ್ತೆ. ಮಾಡಬಹುದಾದ್ರೆ ಶುಕ್ರವಾರ ಸಂಜೆನೇ ಸ್ಕೂಲಿಗೆ ಬಂದು ರಬ್ಬರ್ ಮತ್ತೆ ವೈರ್ ಅಷ್ಟು ನೋಡಿ ಚೀಟಿ ಬರೆದು ಹೋಗ್ತೀರಾ? ಯಾವ ಸೈಕಲ್ಲಿಗೆ ರಿಪೇರಿ ಬೇಕೋ ಅದನ್ನ ಮಾತ್ರ ಶನಿವಾರ ಕಳಿಸ್ತೀನಿ, ಮನೆಯವರಿಗೂ ದುಡ್ಡು ಎಷ್ಟು ಅಂತ ಮೊದ್ಲೇ ಗೊತ್ತಿರುತ್ತೆ.

ಅಂಗಡಿ ತಂಗಿ:
ಇದು ತುಂಬಾ ಒಳ್ಳೇದಾಯ್ತು ಟೀಚರ್, ಶುಕ್ರವಾರ ನಾಲ್ಕು ಗಂಟೆಗೆ ಅಣ್ಣ ಬರ್ತಾನೆ, ಟಾರ್ಚ್ ತಗೊಂಡು. ಸ್ಟೀಲ್ ರಿಮ್ ಎಷ್ಟಿದೆ ಅಂತ ಮಕ್ಕಳ ಹತ್ರ ಎಣಿಸಿ ಇಟ್ಟಿರಿ, ಅಷ್ಟು ಜೋಡಿ ರಬ್ಬರ್ ಮೈಸೂರಿಂದ ಫ್ರೀವೀಲ್ ಜೊತೆಗೇ ತರಿಸ್ತೀವಿ.

ಬಾಳೆಲೆ ಹುಡುಗ:
ಅಕ್ಕ ಅಪ್ಪ ಸರಿ ಅಂದ್ರು, ನಂದೂ ಸೇರಿಸಿ ತರಿಸಿ 7 ಗೇರಿಂದು